ಯಾರು ಮೇಲೆ, ಯಾರು ಕೆಳಗೆ: ಗ್ರೇಡ್ ಪಟ್ಟಿ ಮಾಡುವ ಮೂರು ದಾರಿ

ಯಾದಗಿರಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ ನನ್ನದು. ಎಸ್‌ಎ-1 ಮತ್ತು ಎಸ್‌ಎ-2 ಗ್ರೇಡ್‌ಗಳನ್ನು ಹೋಲಿಸಿ ಕೊಡಿ ಅಂದರೆ, ಸಾಮಾನ್ಯವಾಗಿ ಎರಡು ಮೊತ್ತಗಳನ್ನು ಪಕ್ಕಪಕ್ಕ ಬರೆದು ಕೊಡುತ್ತೇವೆ. ಸಿ ಗ್ರೇಡಿನವರು 7 ಇದ್ದರು, ಈಗ 5. ನೋಡಿದವರಿಗೆ ಖುಷಿ. ಆದರೆ ಅದರ ಹಿಂದೆ ಏನಾಗಿದೆ ಅಂತ ಈ ಎರಡು ಅಂಕಿ ಹೇಳುವುದಿಲ್ಲ. ಅದಕ್ಕೆ ಇಂಥ ಪಟ್ಟಿ ಬೇಕು:

| ಎಸ್‌ಎ-1 ↓ ಎಸ್‌ಎ-2 → | ಎ+ | ಎ | ಬಿ+ | ಬಿ | ಸಿ | ಗೈರು | ಒಟ್ಟು |
|---|---|---|---|---|---|---|---|
| ಎ+ | 2 | 2 | 0 | 0 | 0 | 0 | 4 |
| ಎ | 1 | 6 | 3 | 0 | 0 | 0 | 10 |
| ಬಿ+ | 0 | 3 | 8 | 5 | 0 | 1 | 17 |
| ಬಿ | 0 | 0 | 4 | 6 | 2 | 1 | 13 |
| ಸಿ | 0 | 0 | 0 | 3 | 3 | 1 | 7 |
| ಒಟ್ಟು | 3 | 11 | 15 | 14 | 5 | 3 | 51 |

ಸಿ ಸಾಲು ಓದಿ. ಮೂವರು ಬಿಗೆ ಏರಿದರು, ಮೂವರು ಅಲ್ಲೇ ಉಳಿದರು. ಒಬ್ಬ ಪರೀಕ್ಷೆಗೇ ಬರಲಿಲ್ಲ, ಹತ್ತಿ ಬಿಡಿಸಿದ ಮೇಲೆ ಮನೆಯವರ ಜೊತೆ ಪುಣೆ ಕಡೆ ಗುಳೆ ಹೋಗಿದ್ದ. ಈಗ ಸಿ ಕಾಲಂ ನೋಡಿ: ಬಿಯಿಂದ ಇಬ್ಬರು ಹೊಸದಾಗಿ ಜಾರಿದ್ದಾರೆ. ಇಡೀ ತರಗತಿಯಲ್ಲಿ ಏರಿದವರು 11, ಇಳಿದವರು 12. ಮೊತ್ತಗಳಲ್ಲಿ ಇದರ ಸುಳಿವೇ ಇಲ್ಲ, ಅಲ್ವಾ?

ಇದನ್ನು ಮೂರು ಥರ ಮಾಡಿ ನೋಡಿದೆ.

ಮೊದಲನೆಯದು ಕಾಗದ. ಡ್ರಾಯಿಂಗ್ ಹಾಳೆ ಮೇಲೆ ಮನೆ ಎಳೆದು, ಒಬ್ಬರು ರಿಜಿಸ್ಟರ್ ಓದುತ್ತಾ ಹೋಗಬೇಕು, ಇನ್ನೊಬ್ಬರು ಬರೆಯಬೇಕು. ಸುಮ್ನೆ ಗೀಟು ಹಾಕಬೇಡಿ, ಮನೆಯೊಳಗೆ ಹಾಜರಿ ಸಂಖ್ಯೆ ಬರೆಯಿರಿ. ಬಿ+ನಿಂದ ಬಿಗೆ ಬಿದ್ದ ಐವರ ಮನೆಯಲ್ಲಿ 9, 14, 22, 31, 40 ಅಂತ ಇದ್ದರೆ ಮಕ್ಕಳ ಮುಖವೇ ಕಣ್ಣಿಗೆ ಬರುತ್ತದೆ. ಆ ಐವರಲ್ಲಿ ಮೂವರು ಮೊದಲ ಸಲ 50ರಿಂದ 52ರೊಳಗೆ ಇದ್ದವರು. ಬಿ+ ಶುರುವಾಗುವುದೇ 50ಕ್ಕೆ. ಅಂದರೆ ಎರಡು ಮೂರು ಅಂಕ ಕಡಿಮೆಯಾದರೂ ಈ ಪಟ್ಟಿಯಲ್ಲಿ ಬಿದ್ದಂತೆ ಕಾಣುತ್ತದೆ. ಅದೇ 69ರಿಂದ 51ಕ್ಕೆ ಇಳಿದವನು ಇದ್ದಲ್ಲೇ ಇದ್ದಂತೆ ಕಾಣುತ್ತಾನೆ. ಹೀಗಾಗಿ ಗಡಿ ಹತ್ತಿರದವರ ಅಂಕಗಳನ್ನು ಪಕ್ಕದಲ್ಲಿ ಇಟ್ಟುಕೊಂಡೇ ಓದಬೇಕು. ಒಂದು ತರಗತಿಗೆ ಕಾಗದ ಚೆನ್ನ. ನಾಲ್ಕು ಸೆಕ್ಷನ್ ಆದರೆ ಕಣ್ಣು ಕೈ ಎರಡೂ ಸೋಲುತ್ತವೆ.

ಎರಡನೆಯದು ಎಕ್ಸೆಲ್‌ನ ಪಿವಟ್ ಟೇಬಲ್. ಬೇಗ ಆಗುವುದು ಇದೇ. ಎಸ್‌ಎ-1 ಸಾಲಿಗೆ, ಎಸ್‌ಎ-2 ಕಾಲಂಗೆ ಎಳೆಯಿರಿ, ಎಣಿಕೆಗೆ ಹಾಜರಿ ಸಂಖ್ಯೆಯನ್ನೇ ಹಾಕಿ, `Sum` ಅಂತ ಬಂದರೆ `Count`ಗೆ ಬದಲಿಸಿ. ಎಣಿಕೆಗೆ ಎಸ್‌ಎ-2 ಗ್ರೇಡನ್ನು ಹಾಕಿದರೆ, ಖಾಲಿ ಮನೆ ಲೆಕ್ಕಕ್ಕೆ ಬರುವುದಿಲ್ಲ, ಗುಳೆ ಹೋದ ಮಕ್ಕಳು ಮಾಯ. ಯಾವ ಮನೆ ಮೇಲಾದರೂ ಡಬಲ್ ಕ್ಲಿಕ್ ಮಾಡಿದರೆ ಆ ಮಕ್ಕಳ ಪಟ್ಟಿ ತೆರೆದುಕೊಳ್ಳುತ್ತದೆ, ಅದು ನನಗೆ ಬಹಳ ಇಷ್ಟ. ಇಷ್ಟವಾಗದ್ದು, ಅದು `A, A+, B, B+` ಅಂತ ಜೋಡಿಸುತ್ತದೆ. ಏರಿದವರೂ ಇಳಿದವರೂ ಬೆರೆತು ಹೋಗುತ್ತಾರೆ, ಹೆಸರನ್ನು ಕೈಯಿಂದ ಎಳೆದು ಸರಿ ಮಾಡಬೇಕು. ಎಸ್‌ಎ-2ರಲ್ಲಿ ಯಾರಿಗೂ ಎ+ ಬರದಿದ್ದರೆ ಆ ಕಾಲಂ ಬರುವುದೇ ಇಲ್ಲ. ಆಗ ಎರಡು ಸೆಕ್ಷನ್ ಪಟ್ಟಿಗಳು ಒಂದಕ್ಕೊಂದು ಕೂಡುವುದಿಲ್ಲ.

ಮೂರನೆಯದು ಸೂತ್ರ. B ಕಾಲಂನಲ್ಲಿ ಎಸ್‌ಎ-1, C ಕಾಲಂನಲ್ಲಿ ಎಸ್‌ಎ-2. E2ರಿಂದ ಕೆಳಕ್ಕೂ F1ರಿಂದ ಬಲಕ್ಕೂ ಗ್ರೇಡ್ ಹೆಸರು ಬರೆದು, F2ರಲ್ಲಿ ಇದನ್ನು ಹಾಕಿ ಎಳೆಯಿರಿ:

```
=COUNTIFS($B$2:$B$52,$E2,$C$2:$C$52,F$1)
```

ಸೊನ್ನೆ ಇದ್ದರೂ ಮನೆ ಉಳಿಯುತ್ತದೆ, ಕ್ರಮ ನೀವು ಇಟ್ಟದ್ದೇ. ಗೈರಾದವರಿಗೆ ಖಾಲಿ ಬಿಡದೆ `AB` ಅಂತ ಬರೆದು, ಅದಕ್ಕೂ ಒಂದು ಕಾಲಂ ಕೊಡಿ. ತೊಂದರೆ ಬರುವುದು `B+` ಹಿಂದೆ ಒಂದು ಸ್ಪೇಸ್ ಇದ್ದಾಗ. ಆ ಹುಡುಗ ಯಾವ ಮನೆಗೂ ಸೇರುವುದಿಲ್ಲ, ಸೂತ್ರ ತಪ್ಪು ಅಂತಲೂ ತೋರಿಸುವುದಿಲ್ಲ. ಮೊತ್ತ 51 ಬಂದಿಲ್ಲ ಅಂದರೆ ಅಲ್ಲಿ ಹುಡುಕಿ.

ಲಿಬ್ರೆಆಫೀಸ್‌ನಲ್ಲಿ ಇನ್ನೊಂದು ಕಾಟ ಇದೆ. ಸೂತ್ರಗಳಿಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಆನ್ ಆಗಿದ್ದರೆ ಅದಕ್ಕೆ + ಬರೀ ಅಕ್ಷರ ಅಲ್ಲ, ಹಿಂದಿನ ಅಕ್ಷರ ಒಂದು ಅಥವಾ ಹೆಚ್ಚು ಸಲ ಅನ್ನುವ ಗುರುತು. ಆಗ `A+` ಅಂದರೆ ಅದು `A` ಇರುವವರನ್ನೇ ಎಣಿಸುತ್ತದೆ. ಎ+ ಸಾಲೂ ಎ ಸಾಲೂ ಒಂದೇ ಥರ ಕಾಣುತ್ತವೆ. ಮೇಲಿನ ತರಗತಿಗೇ 51ರ ಬದಲು 64 ಮಕ್ಕಳಾಗುತ್ತಾರೆ! `Tools > Options > LibreOffice Calc > Calculate` ಒಳಗೆ `Enable wildcards in formulas` ಆರಿಸಿದರೆ ಸರಿಹೋಗುತ್ತದೆ.

ಹೀಗಾಗಿ ಎಲ್ಲ ಸೆಕ್ಷನ್ ಸೇರಿಸಿ ಎಚ್‌.ಎಂ. ಸರ್‌ಗೆ ಕೊಡುವುದಕ್ಕೆ ನಾನು ಸೂತ್ರದ ಹಾಳೆಯನ್ನೇ ಇಟ್ಟುಕೊಂಡಿದ್ದೇನೆ. ಪೋಷಕರ ಸಭೆಗೆ ಮಾತ್ರ ಹಾಜರಿ ಸಂಖ್ಯೆ ಬರೆದ ಡ್ರಾಯಿಂಗ್ ಹಾಳೆ. ಪಿವಟ್, ಯಾರಾದರೂ ತಟ್ಟನೆ ಕೇಳಿದಾಗ.