ಪಿತ್ತದ ಗಂಧೆಗೆ ದೊಡ್ಡ ಅಲರ್ಜಿ ಟೆಸ್ಟ್ ಮಾಡಿಸುವ ಮುಂಚೆ ಇದನ್ನು ಓದಿ

ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ನನಗೆ ಮೈಮೇಲೆ ಗಂಧೆ ಏಳಲು ಶುರುವಾಯಿತು. ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ತೋಟ. ಸಂಜೆ ಅಡಿಕೆ ಸುಲಿಯುತ್ತಾ ಕೂತಿದ್ದಾಗ ಸೊಂಟದ ಸುತ್ತ ತಡೆಯಲಾರದ ತುರಿಕೆ. ನೋಡಿದರೆ ಕೆಂಪಗೆ ಉಬ್ಬಿದ ದದ್ದು. ಕಂಬಳಿಹುಳ ತಾಗಿರಬೇಕು ಎಂದುಕೊಂಡೆ. ಅತ್ತೆ ದೊಡ್ಡಪತ್ರೆ ಹಿಂಡಿ ರಸ ಹಚ್ಚಿದರು, ಮುರುಗಲು ಸಾರು ಮಾಡಿಕೊಟ್ಟರು. ಬೆಳಿಗ್ಗೆ ಹೊತ್ತಿಗೆ ಚರ್ಮದ ಮೇಲೆ ಗುರುತೂ ಇರಲಿಲ್ಲ. ಆದರೆ ಸಂಜೆಗೆ ಬೇರೆ ಜಾಗದಲ್ಲಿ ಮತ್ತೆ ಎದ್ದಿತು. ದಿನಾ ಹೀಗೇ ಎರಡು ತಿಂಗಳು.

ಆಮೇಲೆ ನಾನು ಮಾಡಿದ ತಪ್ಪನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಏನು ತಿಂದು ಹೀಗಾಗುತ್ತಿದೆ ಎಂದು ಗೊತ್ತಾದರೆ ಸಾಕು ಅನ್ನಿಸಿತ್ತು. ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಒಂದೇ ಸಲ ರಕ್ತ ಕೊಟ್ಟರೆ ಹತ್ತಾರು ಪದಾರ್ಥಗಳ ಅಲರ್ಜಿ ತಿಳಿಯುತ್ತದೆ ಎಂದರು. 9,000 ರೂಪಾಯಿ ಕೊಟ್ಟೆ. ವರದಿಯಲ್ಲಿ ಹಾಲು, ಕಡಲೆ, ಬದನೆ, ತೆಂಗಿನಕಾಯಿ, ಗೋಧಿ ಎದುರು ಕೆಂಪು ಗುರುತು. ಅಷ್ಟನ್ನೂ ಬಿಟ್ಟೆ. ಮಲೆನಾಡಿನ ಅಡುಗೆಮನೆಯಲ್ಲಿ ಕಾಯಿ ಬಿಟ್ಟರೆ ಉಳಿಯುವುದೇನು? ಬರೀ ಗಂಜಿ, ಉಪ್ಪಿನಕಾಯಿ; ಊಟಕ್ಕೆ ಮಜ್ಜಿಗೆಯೂ ಇಲ್ಲ. ಏಳು ವಾರದಲ್ಲಿ ಐದು ಕಿಲೋ ಇಳಿದೆ. ಗಂಧೆ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ನಡುವೆ ಹತ್ತಿರದ ಕ್ಲಿನಿಕ್ಕಿನಲ್ಲಿ ಸಣ್ಣ ಮಾತ್ರೆಗಳ ಕೋರ್ಸ್ ಕೊಟ್ಟರು. ಎರಡೇ ದಿನದಲ್ಲಿ ಮೈ ಸ್ವಚ್ಛ. ನಿಲ್ಲಿಸಿದ ವಾರದೊಳಗೆ ಮೊದಲಿಗಿಂತ ಜೋರಾಗಿ ಬಂತು. ಹೀಗೆ ಮೂರು ಸಲ ನುಂಗಿದೆ. ಅದು ಸ್ಟೀರಾಯ್ಡ್ ಎಂದು ನನಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ತವರಿನ ಅತ್ತಿಗೆ ಬಲವಂತ ಮಾಡಿ ಚರ್ಮರೋಗ ತಜ್ಞರ ಹತ್ತಿರ ಕರೆದುಕೊಂಡು ಹೋದರು. ಅವರು ವರದಿಯನ್ನು ಒಂದು ಸಲ ನೋಡಿ ಪಕ್ಕಕ್ಕಿಟ್ಟು ಪ್ರಶ್ನೆ ಕೇಳಲು ಶುರು ಮಾಡಿದರು. "ಒಂದೊಂದು ದದ್ದು ಎಷ್ಟು ಹೊತ್ತು ಇರುತ್ತದಮ್ಮ?" ನನಗೆ ಗೊತ್ತಿರಲಿಲ್ಲ. "ಇವತ್ತು ರಾತ್ರಿ ಒಂದು ದದ್ದಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆದಿಡಿ" ಎಂದರು. ರಾತ್ರಿ ಎಂಟಕ್ಕೆ ಎಳೆದ ಗೆರೆಯೊಳಗೆ ಬೆಳಗಿನ ಐದಕ್ಕೆ ಏನೂ ಇರಲಿಲ್ಲ. ಹೊಸದು ಬೆನ್ನಿನ ಮೇಲೆ ಎದ್ದಿತ್ತು. ಇಡೀ ಕಾಯಿಲೆಯ ಗುರುತು ಅದೇ. ಒಂದು ದದ್ದು 24 ಗಂಟೆಯೊಳಗೆ ಗುರುತು ಬಿಡದೆ ಹೋಗಿ, ಬೇರೆ ಕಡೆ ಹೊಸದು ಏಳುತ್ತಾ, ಹೀಗೆ ಆರು ವಾರ ದಾಟಿದರೆ ಅದು ದೀರ್ಘಕಾಲದ ಗಂಧೆ. ಅತ್ತೆಯ ದೊಡ್ಡಪತ್ರೆಗೆ ಬೆಳಿಗ್ಗೆ ವಾಸಿಯಾದಂತೆ ಕಂಡದ್ದೂ ಇದಕ್ಕೇ: ಹಚ್ಚದಿದ್ದರೂ ಅದು ಹೋಗುತ್ತಿತ್ತು.

ಊಟದ ಮಾತಿಗೆ ಅವರು ಕೊಟ್ಟ ವಿವರಣೆ ಕೇಳಿ ನನಗೆ ಅಳು ಬಂತು. ಆಹಾರದ ಅಲರ್ಜಿಯಿಂದ ಗಂಧೆ ಬಂದರೆ ತಿಂದ ಕೆಲವೇ ನಿಮಿಷದಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಬರುತ್ತದೆ, ಅದೇ ಪದಾರ್ಥ ತಿಂದಾಗಲೆಲ್ಲ ಬರುತ್ತದೆ, ಒಂದು ದಿನದಲ್ಲಿ ಇಳಿಯುತ್ತದೆ. ಏನು ತಿಂದರೂ ಬಿಟ್ಟರೂ ವಾರಗಟ್ಟಲೆ ದಿನಾ ಏಳುವುದಕ್ಕೆ ಊಟ ಕಾರಣವಾಗುವುದು ತೀರಾ ಅಪರೂಪ. ಹಾಗಾದರೆ ಕೆಂಪು ಗುರುತು? ಆ ಪದಾರ್ಥಕ್ಕೆ ಹೊಂದುವ ಪ್ರತಿಕಾಯ ರಕ್ತದಲ್ಲಿದೆ ಎಂದಷ್ಟೇ ಅದರ ಅರ್ಥ. ಏನೂ ತೊಂದರೆ ಇಲ್ಲದೆ ಹಾಲು ಕುಡಿಯುವ ಎಷ್ಟೋ ಜನರ ರಕ್ತದಲ್ಲೂ ಅದು ಸಿಗುತ್ತದೆ. ಅನುಮಾನವೇ ಇಲ್ಲದ ಹತ್ತಾರು ಪದಾರ್ಥ ಒಟ್ಟಿಗೆ ಪರೀಕ್ಷಿಸಿದರೆ ಕೆಲವಾದರೂ ಸುಮ್ಮನೆ ಕೆಂಪಾಗಿ ಬರುತ್ತವೆ.

ನಿಜವಾದ ಜಗಳ ಒಳಗೇ ನಡೆಯುತ್ತಿರುತ್ತದಂತೆ. ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ತುಂಬಿಕೊಂಡಿರುತ್ತವೆ. ನನ್ನಂಥ ಅನೇಕರಲ್ಲಿ ದೇಹದ ಸ್ವಂತ ಪ್ರತಿಕಾಯಗಳೇ ಆ ಕೋಶಗಳನ್ನು ಕೆರಳಿಸುತ್ತವೆ, ಹಿಸ್ಟಮಿನ್ ಚೆಲ್ಲುತ್ತದೆ, ಚರ್ಮ ಊದಿ ತುರಿಸುತ್ತದೆ.

ಅವರು ಬರೆದ ಪರೀಕ್ಷೆಗಳು ಬೆರಳೆಣಿಕೆಯವು. ರಕ್ತಕಣಗಳ ಪೂರ್ತಿ ಎಣಿಕೆ, ಉರಿಯೂತ ತೋರಿಸುವ ಇ.ಎಸ್.ಆರ್. ಮತ್ತು ಸಿ.ಆರ್.ಪಿ., ಜೊತೆಗೆ ಒಟ್ಟು ಐ.ಜಿ.ಇ. ಮತ್ತು ಥೈರಾಯ್ಡ್‌ನ ಟಿ.ಪಿ.ಒ. ಪ್ರತಿಕಾಯ. ಕೊನೆಯ ಎರಡು, ದೇಹ ತನ್ನ ಮೇಲೇ ತಿರುಗಿಬಿದ್ದ ಬಗೆಯೇ ಎಂಬ ಸುಳಿವು ಕೊಡುತ್ತವೆ. ನನ್ನ ಟಿ.ಪಿ.ಒ. ಹೆಚ್ಚಿತ್ತು, ಉಳಿದದ್ದೆಲ್ಲ ಸರಿ ಇತ್ತು. ದದ್ದು 24 ಗಂಟೆ ದಾಟಿ ಉಳಿದು, ತುರಿಕೆಗಿಂತ ಉರಿ ನೋವು ಹೆಚ್ಚಿದ್ದು, ಹೋದ ಮೇಲೆ ಕಂದು ಕಲೆ ಬಿಟ್ಟರೆ ಮಾತ್ರ ಚರ್ಮದ ಚೂರು ತೆಗೆದು ನೋಡಬೇಕಾಗುತ್ತದೆ, ಅದು ರಕ್ತನಾಳದ ಉರಿಯೂತವಿರಬಹುದು. ಜ್ವರ, ಕೀಲುನೋವು ಜೊತೆಗಿದ್ದರೂ ಬೇರೆ ಕಾಯಿಲೆ ಹುಡುಕುತ್ತಾರೆ. ನಾಲಿಗೆ, ಗಂಟಲು ಊದಿದರೆ ಅಥವಾ ಉಸಿರು ಕಟ್ಟಿದರೆ ಯಾವ ಪರೀಕ್ಷೆಗೂ ಕಾಯದೆ ತುರ್ತು ಚಿಕಿತ್ಸೆಗೆ ಓಡಬೇಕು.

ಇನ್ನೊಂದು ಪ್ರಶ್ನೆ ನನ್ನನ್ನು ಬೆಚ್ಚಿಬೀಳಿಸಿತು: "ನೋವಿನ ಮಾತ್ರೆ ತಗೊಳ್ತೀರಾ?" ಕೊಯ್ಲಿನ ಬೆನ್ನುನೋವಿಗೆ ದಿನಾ ಡೈಕ್ಲೋಫಿನಾಕ್ ನುಂಗುತ್ತಿದ್ದೆ. ಈ ಜಾತಿಯ ಮಾತ್ರೆಗಳು ಕೆಲವರ ಗಂಧೆಯನ್ನು ಕೆರಳಿಸುತ್ತವೆ. ಅದನ್ನು ನಿಲ್ಲಿಸಿ ಪ್ಯಾರಸಿಟಮಾಲ್‌ಗೆ ಬದಲಾಯಿಸಿದರು. 9,000 ರೂಪಾಯಿಯ ವರದಿಯಲ್ಲಿ ಇದರ ಸುಳಿವೇ ಇರಲಿಲ್ಲ.

ಮದ್ದಿನ ವಿಷಯಕ್ಕೆ ಬರುತ್ತೇನೆ. ಆಂಟಿಹಿಸ್ಟಮಿನ್ ಮಾತ್ರೆ ಮನೆಯಲ್ಲಿ ಮೊದಲೂ ಇತ್ತು. ತುರಿಕೆ ಬಂದಾಗ ಒಂದು ನುಂಗಿ, ಬಾರದಿದ್ದಾಗ ಬಿಡುತ್ತಿದ್ದೆ. ಹಾಗೆ ಬಳಸಿದರೆ ಪ್ರಯೋಜನ ಕಡಿಮೆ. ಹಿಸ್ಟಮಿನ್ ಚೆಲ್ಲುವ ಮುಂಚೆಯೇ ಅದು ಕೂರುವ ಜಾಗವನ್ನು ಮಾತ್ರೆ ಹಿಡಿದಿರಬೇಕು, ಅಂದರೆ ತುರಿಕೆ ಇರಲಿ ಬಿಡಲಿ ದಿನಾ ತಗೊಳ್ಳಬೇಕು. ಅದೂ ನಿದ್ದೆ ಬರಿಸುವ ಹಳೆಯ ಬಗೆಯದ್ದಲ್ಲ, ಫೆಕ್ಸೊಫೆನಡಿನ್, ಲೊರಾಟಡಿನ್, ಬಿಲಾಸ್ಟಿನ್‌ನಂಥ ಹೊಸ ಬಗೆಯದ್ದು. ನನಗೆ ಬಿಲಾಸ್ಟಿನ್ 20 ಮಿಲಿಗ್ರಾಂ ಕೊಟ್ಟರು. ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ಬಿಟ್ಟು, ಬರೀ ನೀರಿನಲ್ಲಿ. ಹಣ್ಣಿನ ರಸದ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ಹಾಲಿನ ಲೆಕ್ಕದ ಪುಸ್ತಕದ ಹಿಂದೆ ದಿನಾ ಎರಡು ಅಂಕಿ ಬರೆಯಲು ಹೇಳಿದರು. ದದ್ದು ಇಲ್ಲದಿದ್ದರೆ 0, ಇಪ್ಪತ್ತಕ್ಕಿಂತ ಕಡಿಮೆಗೆ 1, ಐವತ್ತರವರೆಗೆ 2, ಅದಕ್ಕೂ ಮೇಲೆ 3. ತುರಿಕೆಗೂ ಹೀಗೇ 0ಯಿಂದ 3. ವಾರದ ಮೊತ್ತ ಹೆಚ್ಚೆಂದರೆ 42. ನನ್ನದು 31ರಿಂದ ಶುರುವಾಯಿತು. ದಿನಕ್ಕೊಂದು ಮಾತ್ರೆಯಲ್ಲಿ ಎರಡು ವಾರ: 22. ಅದೇ ಮಾತ್ರೆ ಎರಡಕ್ಕೆ ಏರಿಸಿದ ಮೇಲೆ 12. ನಾಲ್ಕಕ್ಕೆ ಏರಿಸಿ ಮೂರು ವಾರಕ್ಕೆ 0. ಡಬ್ಬಿಯ ಮೇಲೆ ದಿನಕ್ಕೊಂದು ಎಂದಿದ್ದರೂ ನಾಲ್ಕು ಪಟ್ಟಿನವರೆಗೆ ಏರಿಸುವುದು ಈ ಕಾಯಿಲೆಗೆ ತಜ್ಞರು ಅನುಸರಿಸುವ ಕ್ರಮ. ಆದರೆ ಏರಿಸಬೇಕಾದದ್ದು ಡಾಕ್ಟರು, ನಾವಲ್ಲ. ಬಸುರಿಯರು, ಮೂತ್ರಪಿಂಡದ ತೊಂದರೆ ಇದ್ದವರು ಇದನ್ನು ಓದಿ ಹಾಗೆ ಮಾಡಲೇಬೇಡಿ. ಎರಡು ಮೂರು ಬಗೆ ಬೆರೆಸುವುದಕ್ಕಿಂತ ಒಂದನ್ನೇ ಏರಿಸುವುದು ಒಳ್ಳೆಯದಂತೆ. ಅದಕ್ಕೂ ಬಗ್ಗದಿದ್ದರೆ ನಾಲ್ಕು ವಾರಕ್ಕೊಮ್ಮೆ ಒಮಾಲಿಜುಮ್ಯಾಬ್ ಇಂಜೆಕ್ಷನ್ ಇದೆ, ನನಗೆ ಬೇಕಾಗಲಿಲ್ಲ. ಸ್ಟೀರಾಯ್ಡ್ ತೀರಾ ಕೆರಳಿದಾಗ ಹೆಚ್ಚೆಂದರೆ ಹತ್ತು ದಿನಕ್ಕೆ, ತಿಂಗಳುಗಟ್ಟಲೆ ಅಲ್ಲ.

ಮೂರು ತಿಂಗಳು 0 ಉಳಿದ ಮೇಲೆ ಇಳಿಸಲು ಶುರು ಮಾಡಿದೆವು. ಮೂರು, ಆಮೇಲೆ ಎರಡು. ಒಂದಕ್ಕೆ ಬಂದ ವಾರ ಮೊಣಕೈ ಹತ್ತಿರ ನಾಲ್ಕು ದದ್ದು ಎದ್ದವು. ಮತ್ತೆ ಎರಡಕ್ಕೆ ಹೋದೆ. ಒಂದರಿಂದ ಐದು ವರ್ಷದೊಳಗೆ ಬಹಳಷ್ಟು ಜನರಿಗೆ ಇದು ತಾನಾಗಿ ನಿಲ್ಲುತ್ತದೆ ಎಂದಿದ್ದಾರೆ. ನಿನ್ನೆ ಅತ್ತೆ ಕಾಯಿ ಹಾಕಿ ಬದನೆಕಾಯಿ ಹುಳಿ ಮಾಡಿದ್ದರು. ಎರಡು ಸಲ ಬಡಿಸಿಕೊಂಡು ತಿಂದೆ. ಪುಸ್ತಕದಲ್ಲಿ ನಿನ್ನೆಯ ಅಂಕಿ 0.