ಬೆಳ್ಳಿಗೆ ‘ರೇಟ್ ಕಟ್ಟಿ’ ಕೊಡ್ತೀವಿ ಅನ್ನೋ ಚೀಟಿ ತಗೊಳ್ಳೋ ಮುಂಚೆ ಇದನ್ನು ಓದಿ

ನಗರ್ತಪೇಟೆ, ಚಿಕ್ಕಪೇಟೆ ಕಡೆ ಬೆಳ್ಳಿ ಕೆಲಸ ಮಾಡಿಸುವವರು ದಯವಿಟ್ಟು ಓದಿ. ವ್ಯಾಪಾರಿ ಹೆಸರು ಹಾಕಲ್ಲ, ವಕೀಲರು ಬೇಡ ಅಂದಿದ್ದಾರೆ. ಇಂಥ ಚೀಟಿ ಕೊಡೋರು ಒಬ್ಬರೇ ಅಲ್ಲ, ಅದಕ್ಕೇ ಬರೀತಿದ್ದೀನಿ.

ನನಗೆ ಒಂದು ದೇವಸ್ಥಾನದ ಆರ್ಡರ್ ಬಂದಿತ್ತು. ದೀಪ, ತಟ್ಟೆ ಎಲ್ಲ ಸೇರಿ 15 ಕೆಜಿ ಬೆಳ್ಳಿ. ಬೆಲೆ ಮೊದಲೇ ನಿಗದಿ, ಕೆಲಸ ಶುರು ಎರಡು ತಿಂಗಳ ನಂತರ. ಅಷ್ಟರಲ್ಲಿ ರೇಟ್ ಏರಿದರೆ ಮಜೂರಿ ಪೂರ್ತಿ ಹೋಗಿ, ಕೈಯಿಂದಲೂ ಹಾಕಬೇಕು. ಹಾಗಾಗಿ ಈ ವ್ಯಾಪಾರಿ ಹತ್ತಿರ ಕೆಜಿಗೆ 90,000ದಂತೆ ಫಾರ್ವರ್ಡ್ ಮಾಡಿಸಿದೆ, ಅಂದರೆ ಮುಂದೆ ತಗೊಳ್ಳೋ ಬೆಳ್ಳಿಗೆ ಮೊದಲೇ ರೇಟ್ ಕಟ್ಟಿಸಿ ಚೀಟಿ ತಗೊಂಡೆ. 50,000 ಅಡ್ವಾನ್ಸ್ ಕೊಟ್ಟೆ. ಇದು ಜೂಜಲ್ಲ, ಹೆಡ್ಜಿಂಗ್, ರೇಟ್ ಏರಿದರೂ ನಷ್ಟ ಆಗದ ಹಾಗೆ ಮಾಡ್ಕೊಳ್ಳೋ ರಕ್ಷಣೆ. ನನಗೆ ಬೆಳ್ಳಿ ನಿಜವಾಗಿ ಬೇಕಿತ್ತು.

ತಾರೀಖು ಬರುವಾಗ ರೇಟ್ 98,000. ಗಟ್ಟಿ ತಗೊಂಡು ಹೋಗೋಕೆ ಯಾವಾಗ ಬರಲಿ ಅಂತ ವಾಟ್ಸಾಪ್ ಮಾಡಿದೆ. "ನೋಡೋಣ ಸಾರ್" ಅಂತ ಉತ್ತರ. ಅಂಗಡಿಗೇ ಹೋದೆ.

"ಬೆಳ್ಳಿ ಕೊಡ್ತೀನಿ ಅಂತ ಯಾರು ಹೇಳಿದ್ರು ಸಾರ್? ಇದು ವ್ಯತ್ಯಾಸದ ವ್ಯಾಪಾರ ಅಲ್ವಾ?"

ಸರಿ, ಹಾಗಾದ್ರೆ ವ್ಯತ್ಯಾಸವನ್ನೇ ಕೊಡಿ ಅಂದೆ. ಕೆಜಿಗೆ 8,000, 15 ಕೆಜಿಗೆ 1,20,000.

"ವ್ಯತ್ಯಾಸ ಕೇಳಿದ್ರೆ ಅದು ಬಾಜಿ ಆಗುತ್ತೆ ಸಾರ್. ಕಾಂಟ್ರಾಕ್ಟ್ ಆಕ್ಟ್ 30ನೇ ಸೆಕ್ಷನ್. ಬಾಜಿ ದುಡ್ಡಿಗೆ ಕೋರ್ಟಿಗೆ ಹೋಗೋಕಾಗಲ್ಲ."

ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಒಬ್ಬ ನಕ್ಕ. ಹೋದ ಸೀಸನ್‌ನಲ್ಲಿ ಇದೇ ಥರದ 10 ಕೆಜಿ ಚೀಟಿಗೆ ರೇಟ್ 2,000 ಇಳಿದಿತ್ತು. ಆಗ ಸಂಜೆಯೊಳಗೆ ನನ್ನಿಂದ 20,000 ವಸೂಲಿ ಮಾಡಿದ ಇದೇ ಮನುಷ್ಯ! ಆಗ ಯಾಕೆ ಬಾಜಿ ಆಗಲಿಲ್ಲ ಅಂತ ಕೇಳಿದೆ. "ಅದು ನೀವು ಖುಷಿಯಾಗಿ ಕೊಟ್ಟಿದ್ದು ಸಾರ್." ಖುಷಿಯಾಗಿ!

ವಕೀಲರ ಹತ್ತಿರ ಚೀಟಿ ಹಿಡಿದುಕೊಂಡು ಹೋದೆ. ಅಂಗೈ ಅಗಲದ ಕಾಗದ. "ಸಿಲ್ವರ್ 15 ಕೆಜಿ, 90,000", ತಾರೀಖು, ಸಹಿ. ಶುದ್ಧತೆ ಎಷ್ಟು ಅಂತಿಲ್ಲ, ಮಾಲು ಎಲ್ಲಿ ಕೊಡೋದು ಅಂತಿಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ "ತೀರುವಳಿ, ದರ ವ್ಯತ್ಯಾಸದ ಮೇಲೆ". ಆ ಸಾಲಿಗೆ ವಕೀಲರು ಪೆನ್ಸಿಲ್‌ನಲ್ಲಿ ಗೆರೆ ಎಳೆದರು.

ಅವರು ಹೇಳಿದ್ದು ಇಷ್ಟು. ಬೆಲೆ ಮೇಲೆ ಊಹೆ ಕಟ್ಟಿ ವ್ಯಾಪಾರ ಮಾಡಿದ ಮಾತ್ರಕ್ಕೆ ಅದು ಬಾಜಿ ಆಗಲ್ಲ. ಒಪ್ಪಂದ ಮಾಡುವ ಹೊತ್ತಿಗೆ ಇಬ್ಬರಿಗೂ ಮಾಲು ಕೊಡೋ, ತಗೊಳ್ಳೋ ಉದ್ದೇಶವೇ ಇರಬಾರದು, ಬರೀ ವ್ಯತ್ಯಾಸದ ಲೆಕ್ಕ ಇರಬೇಕು. ಆಗ ಮಾತ್ರ ಅದು ಬಾಜಿ, ಒಪ್ಪಂದ ಅಸಿಂಧು. ಒಬ್ಬ ಮಾತ್ರ ಮನಸ್ಸಿನಲ್ಲಿ ಹಾಗೆ ಅಂದುಕೊಂಡಿದ್ದರೆ ಸಾಲದು. ಮತ್ತೆ, ಇದು ಬಾಜಿ ಅಂತ ಹೇಳುವವನೇ ಅದನ್ನು ಸಾಬೀತು ಮಾಡಬೇಕು. ನನ್ನ ಕಡೆ ದೇವಸ್ಥಾನದ ಆರ್ಡರ್ ಪತ್ರ ಇದೆ, ಆ ವಾಟ್ಸಾಪ್ ಇದೆ. ಅವನ ಕಡೆ ಆ ಸಣ್ಣ ಅಕ್ಷರದ ಸಾಲು ಇದೆ, ಹೋದ ಸಲದ 20,000 ಇದೆ. ಕೋರ್ಟು ಕಾಗದ ಒಂದನ್ನೇ ನೋಡಲ್ಲ, ಹಿಂದೆ ಇಬ್ಬರೂ ಹೇಗೆ ನಡೆದುಕೊಂಡಿದ್ದರು ಅಂತಲೂ ನೋಡುತ್ತೆ.

ಇಲ್ಲೊಂದು ವಿಚಿತ್ರ ಇದೆ. ಅದೇ 1,20,000 ಅನ್ನು ‘ವ್ಯತ್ಯಾಸ ಕೊಡು’ ಅಂತ ಕೇಳಿದರೆ ಬಾಜಿಯಲ್ಲಿ ಗೆದ್ದ ದುಡ್ಡು, ಒಂದು ಪೈಸೆ ಸಿಗಲ್ಲ. ‘ಮಾಲು ಕೊಡಲಿಲ್ಲ, ಮಾರ್ಕೆಟ್‌ನಲ್ಲಿ ಜಾಸ್ತಿ ಕೊಟ್ಟು ಕೊಳ್ಳಬೇಕಾಯ್ತು’ ಅಂತ ಕೇಳಿದರೆ ಅದು ನಷ್ಟ ಪರಿಹಾರ, ಕೇಳೋ ಹಕ್ಕಿದೆ. ಅಂಗಡಿಯಲ್ಲಿ ‘ವ್ಯತ್ಯಾಸವನ್ನೇ ಕೊಡಿ’ ಅಂತ ನನ್ನ ಬಾಯಿಂದಲೇ ಹೇಳಿಸಿದ ನೋಡಿ ಅವನು! ಅಲ್ಲದೆ ಮಾನ್ಯ ಎಕ್ಸ್‌ಚೇಂಜ್ ಹೊರಗೆ ಬರೀ ವ್ಯತ್ಯಾಸದ ಮೇಲೆ ನಡೆಸೋ ಡಬ್ಬಾ ವ್ಯವಹಾರ ಅಪರಾಧ ಕೂಡ. ಅಂಥ ವ್ಯವಹಾರ ಅಂತ ಒಪ್ಪಿಕೊಂಡು ಕೇಸ್ ಹಾಕಿದರೆ ನಮಗೂ ತೊಂದರೆ.

ಚೀಟಿ ಬದಲು ಎಂಸಿಎಕ್ಸ್ ಅನ್ನೋ ಮಾನ್ಯ ಎಕ್ಸ್‌ಚೇಂಜ್‌ನಲ್ಲಿ ಸಿಲ್ವರ್ ಮಿನಿ ಅನ್ನೋ 5 ಕೆಜಿ ಲಾಟ್ ಇದೆ. ಮೂರು ಲಾಟ್ ಕೊಂಡರೆ ನನ್ನ 15 ಕೆಜಿಗೆ ಸರಿಹೋಗುತ್ತೆ. ಅಲ್ಲಿ ವ್ಯತ್ಯಾಸ ತಗೊಂಡು ಹೊರಬಂದರೂ ಯಾರೂ ಬಾಜಿ ಅನ್ನೋಕಾಗಲ್ಲ, ಸೆಕ್ಯುರಿಟೀಸ್ ಕಾಂಟ್ರಾಕ್ಟ್ಸ್ ಕಾಯ್ದೆಯ 18ಎ ಕಲಂ ಅದನ್ನು ಕಾನೂನುಬದ್ಧ ಅಂತ ಹೇಳುತ್ತೆ. ಮಾರ್ಜಿನ್ ಕಟ್ಟಬೇಕು, ರೇಟ್ ಇಳಿದರೆ ದಿನಾ ದುಡ್ಡು ತುಂಬಬೇಕು. ಈ ರಗಳೆ ಬೇಡ ಅಂತಲೇ ಜನ ಚೀಟಿಗೆ ಹೋಗೋದು. ವ್ಯಾಪಾರಿ ಹತ್ತಿರವೇ ಮಾಡಿಸೋದಾದರೆ ಶುದ್ಧತೆ, ಮಾಲು ಕೊಡೋ ಜಾಗ, ದಿನ ಎಲ್ಲ ಬರೆಸಿ. ವ್ಯತ್ಯಾಸ ಅನ್ನೋ ಪದ ಕಂಡರೆ ಸಹಿ ಹಾಕಬೇಡಿ. ಒಂದೇ ಒಂದು ಸಲ ಕೂಡ ವ್ಯತ್ಯಾಸದಲ್ಲಿ ತೀರಿಸಬೇಡಿ, ಲಾಭ ಬಂದರೂ ಅಷ್ಟೇ.

ಮಾಲು ಕೊಡದ ನಷ್ಟಕ್ಕೆ ಅಂತ ನೋಟಿಸ್ ಕಳಿಸಿದ್ದೀವಿ, ಉತ್ತರ ಬಂದಿಲ್ಲ. ನನ್ನ 50,000 ಅಡ್ವಾನ್ಸ್ ಕೇಳಿದ್ದಕ್ಕೆ ಮಾತ್ರ ಮೆಸೇಜ್ ಬಂತು: "ಮುಂದಿನ ಚೀಟಿಗೆ ಜಮಾ ಮಾಡ್ಕೊಳ್ಳೋಣ ಸಾರ್."