ಅದೇ ಅಂಕ, ಬೇರೆ ಆಕಾರ: ರೇಡಾರ್, ಸ್ತಂಭ ಮತ್ತು ಚುಕ್ಕೆ

ಮಕ್ಕಳ ಕೌಶಲಗಳನ್ನು ಹೋಲಿಸಲು ರೇಡಾರ್ ಚಾರ್ಟ್ ಎಷ್ಟು ತಕ್ಕದ್ದು ಎಂದು ನೋಡಲು ಒಂದೇ ಅಂಕಪಟ್ಟಿಯನ್ನು ಮೂರು ಬಗೆಯಲ್ಲಿ ಚಿತ್ರಿಸಿದೆ. ಓದು, ಬರವಣಿಗೆ, ಮಾತು, ಲೆಕ್ಕಾಚಾರ, ಅಳತೆ, ಆಕೃತಿ ಎಂಬ ಆರು ಕೌಶಲಗಳು. ಒಂದೊಂದಕ್ಕೂ 10 ಅಂಕ. ಪರೀಕ್ಷಿಸಲೆಂದೇ ಅಂಕಗಳನ್ನು ಹೀಗೆ ಇಟ್ಟುಕೊಂಡೆ: ಹುಡುಗಿಗೆ ಭಾಷೆಯ ಮೂರರಲ್ಲೂ 9, ಗಣಿತದ ಮೂರರಲ್ಲೂ 3. ಹುಡುಗನಿಗೆ ಆರರಲ್ಲೂ 6. ಇಬ್ಬರಿಗೂ ಒಟ್ಟು 36.

ರೇಡಾರ್‌ನಲ್ಲಿ ಕೌಶಲಕ್ಕೊಂದರಂತೆ ಅಕ್ಷಗಳು ಕೇಂದ್ರದಿಂದ ಸುತ್ತಲೂ ಚಾಚಿರುತ್ತವೆ, ಅವುಗಳ ಮೇಲೆ ಅಂಕಗಳನ್ನು ಗುರುತಿಸಿ ಗೆರೆಯಿಂದ ಜೋಡಿಸಿದರೆ ಒಂದು ಆಕಾರ ಮೂಡುತ್ತದೆ. ಕಣ್ಣು ಮೊದಲು ಹೋಗುವುದು ಅದರೊಳಗೆ ಬಣ್ಣ ತುಂಬಿದ ಜಾಗದ ಕಡೆಗೆ. ಆ ವಿಸ್ತೀರ್ಣವು ಅಂಕಗಳ ಮೊತ್ತವನ್ನು ಅನುಸರಿಸುವುದಿಲ್ಲ. ಅಕ್ಕಪಕ್ಕದ ಅಂಕಗಳ ಗುಣಲಬ್ಧಗಳನ್ನು ಕೂಡಿದ ಮೊತ್ತವನ್ನು ಅನುಸರಿಸುತ್ತದೆ. ಭಾಷೆಯ ಮೂರು ಅಕ್ಷಗಳನ್ನು ಒಟ್ಟಿಗಿಟ್ಟಾಗ ಹುಡುಗಿಗೆ 81+81+27+9+9+27, ಅಂದರೆ 234. ಹುಡುಗನಿಗೆ ಆರು ಸಲ 36, ಅಂದರೆ 216. ಹುಡುಗಿಯ ಆಕಾರವೇ ದೊಡ್ಡದು. ಈಗ ಒಂದು ಭಾಷೆ, ಒಂದು ಗಣಿತ ಎಂದು ಅಕ್ಷಗಳನ್ನು ಬೆರೆಸಿ ಜೋಡಿಸಿ. ಹುಡುಗನದು 216ರಲ್ಲೇ ಉಳಿಯುತ್ತದೆ, ಹುಡುಗಿಯದು 162ಕ್ಕೆ ಇಳಿಯುತ್ತದೆ. ಒಂದು ಅಂಕವನ್ನೂ ಮುಟ್ಟದೆ ಮುಂದಿದ್ದವಳು ಹಿಂದೆ ಬಿದ್ದಳು! ಪೋಷಕರ ಸಭೆಯಲ್ಲಿ ಇಂಥ ಚಿತ್ರವನ್ನು ತಾಯಿತಂದೆಯರ ಮುಂದಿಡುವುದು ನನಗೆ ಸರಿ ಕಾಣುವುದಿಲ್ಲ. ಎಲ್ಲ ಅಂಕಗಳೂ 4ರಿಂದ 8ಕ್ಕೆ ಏರಿದರೆ ಆಕಾರ ಎರಡಲ್ಲ, ನಾಲ್ಕು ಪಟ್ಟು ಹಿಗ್ಗುತ್ತದೆ ಎಂಬುದೂ ಇದೇ ಗುಣಾಕಾರದ ಫಲ. ಬಣ್ಣ ತೆಗೆದು ಗೆರೆಯನ್ನಷ್ಟೇ ಉಳಿಸಿದರೆ ದೋಷ ಕಡಿಮೆಯಾದೀತು, ಹೋಗುವುದಿಲ್ಲ. ಮಾತಿನಿಂದ ಲೆಕ್ಕಾಚಾರಕ್ಕೆ ಎಳೆದ ಗೆರೆಯ ಮಧ್ಯಬಿಂದುವಿಗೆ ಯಾವ ಅರ್ಥವೂ ಇಲ್ಲ.

ಸ್ತಂಭ ನಕ್ಷೆಯಲ್ಲಿ ಈ ತೊಂದರೆ ಇಲ್ಲ. ಕೌಶಲಗಳನ್ನು ಯಾವ ಕ್ರಮದಲ್ಲಿಟ್ಟರೂ 9 ಒಂಬತ್ತರಷ್ಟೇ ಎತ್ತರ. ಅಳತೆಪಟ್ಟಿ ಸೊನ್ನೆಯಿಂದ ಆರಂಭವಾಗಿದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು. ಆದರೆ ಆರು ಕೌಶಲ, ಇಬ್ಬರು ಮಕ್ಕಳು ಎಂದರೆ 12 ಕಂಬಗಳು. ಮೂರನೆಯ ಮಗು ಬಂದರೆ 18. ಹಾಳೆ ಕಿಕ್ಕಿರಿಯುತ್ತದೆ.

ನನಗೆ ಹಿಡಿಸಿದ್ದು ಚುಕ್ಕೆ ನಕ್ಷೆ. ಪ್ರತಿ ಕೌಶಲಕ್ಕೆ ಒಂದು ಅಡ್ಡಸಾಲು, ಅದರ ಮೇಲೆ ಇಬ್ಬರ ಚುಕ್ಕೆಗಳು, ಎಲ್ಲಕ್ಕೂ ಒಂದೇ ಅಳತೆಪಟ್ಟಿ. 1984ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಪ್ರಕಟಿಸಿದ ಅಧ್ಯಯನವೂ ಒಂದೇ ಅಳತೆಪಟ್ಟಿಯ ಮೇಲಿನ ಸ್ಥಾನವನ್ನು ಜನ ವಿಸ್ತೀರ್ಣಕ್ಕಿಂತ ನಿಖರವಾಗಿ ಓದುತ್ತಾರೆ ಎಂದೇ ಹೇಳುತ್ತದೆ. ಹುಡುಗಿಯ ಚುಕ್ಕೆಗಳು ಮೂರು ಸಾಲುಗಳಲ್ಲಿ ಬಲಕ್ಕೆ, ಮೂರರಲ್ಲಿ ಎಡಕ್ಕೆ ನಿಂತದ್ದೇ ಅವಳಿಗೆ ಯಾವುದರಲ್ಲಿ ನೆರವು ಬೇಕೆಂದು ತೋರಿಸಿತು. ಇಬ್ಬರಿಗೂ ಸಮ ಅಂಕ ಬಂದ ಕಡೆ ಒಂದು ಚುಕ್ಕೆ ಇನ್ನೊಂದನ್ನು ಮುಚ್ಚುತ್ತದೆ. ಅದಕ್ಕೆ ಒಬ್ಬರಿಗೆ ತುಂಬಿದ ಸಣ್ಣ ಚುಕ್ಕೆ, ಇನ್ನೊಬ್ಬರಿಗೆ ಪೊಳ್ಳಾದ ದೊಡ್ಡ ವೃತ್ತ ಕೊಡಿ. ಸ್ಪ್ರೆಡ್‌ಶೀಟ್‌ನಲ್ಲಿ ಗೆರೆ ನಕ್ಷೆ ಮಾಡಿ, ಗೆರೆಯನ್ನು ಅಳಿಸಿ ಗುರುತುಗಳನ್ನಷ್ಟೇ ಉಳಿಸಿದರೂ ನಡೆಯುತ್ತದೆ, ಆಗ ಸಾಲುಗಳು ಅಡ್ಡವಾಗಿರದೆ ಲಂಬವಾಗಿರುತ್ತವೆ. ಇಡೀ ತರಗತಿಯ 40 ಮಕ್ಕಳಿಗಾದರೆ ಇದೂ ಸಾಲದು. ಅಲ್ಲಿ ಅಂಕ ಕಡಿಮೆಯಾದಷ್ಟೂ ಗಾಢವಾಗುವ ಒಂದೇ ಬಣ್ಣ ತುಂಬಿದ ಕೋಷ್ಟಕ ಸಾಕು.